ಕಪ್ ಅವರಿಗೆ, ಹಲ್ಲು ಕಿರಿದಿದ್ದು ನಾವು

ಈ ಫೋಟೋದಲ್ಲಿ ಕಪ್ ಹಿಡಿದು ಗಂಭೀರವಾಗಿ ನಿಂತಿದ್ದಾರಲ್ಲ, ಅವರು ಗೆದ್ದವರು. ಪಕ್ಕದಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುವ ಆರು ಜನ ನಾವು, ವಾಲಿಬಾಲ್ ಫೈನಲ್‌ನಲ್ಲಿ ಸೋತವರು!

ಮೊದಲ ಸೆಟ್ 25-21, ನಮ್ಮದೇ. ಅಷ್ಟಕ್ಕೇ ನಮ್ಮಲ್ಲೊಬ್ಬ ಕಪ್ ಯಾರ ಮನೆಯಲ್ಲಿಡೋದು ಅಂತ ಚರ್ಚೆ ಶುರು ಮಾಡಿದ. ಎರಡನೆಯದು 23-25. ಚರ್ಚೆ ನಿಂತಿತು.

ಕೊನೆಯ ಸೆಟ್ 14-14. ಸರ್ವ್ ನಮ್ಮ ಕ್ಯಾಪ್ಟನ್‌ದು. ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದ, ಉಸಿರೆಳೆದುಕೊಂಡ, ಹೊಡೆದ. ನೆಟ್‌ಗೆ! ಮುಂದಿನ ಸರ್ವ್ ಅವರದು. ಚೆಂಡು ಆರಾಮಾಗಿ, ನಿಧಾನಕ್ಕೆ, ನಮ್ಮ ಇಬ್ಬರ ನಡುವೆ ಬಂತು. ‘ನೀನು ತಗೋತೀಯ’ ಅಂತ ಇವನು, ‘ನೀನೇ ತಗೋ’ ಅಂತ ಅವನು. ಇಬ್ಬರ ಮರ್ಯಾದೆ ನೋಡಿ ಚೆಂಡು ಮಧ್ಯದಲ್ಲೇ ಕೂತುಬಿಟ್ಟಿತು. 14-16. ಇಷ್ಟು ಸಂಸ್ಕಾರ ಕೋರ್ಟಿನಲ್ಲಿ ಬೇಕಿತ್ತಾ?

ಗೆದ್ದ ತಂಡಕ್ಕೆ ಅಭಿನಂದನೆ. ಚೆನ್ನಾಗೇ ಆಡಿದಿರಿ, ಸುಮ್ನೆ ಹೇಳ್ತಿಲ್ಲ. ಕಪ್ ಸ್ವಲ್ಪ ವಾಲಿದೆ, ನೆಟ್ಟಗೆ ಹಿಡ್ಕೊಳ್ಳಿ.

ಅಂದಹಾಗೆ, ಎಡಗಡೆ ಕೊನೆಯಲ್ಲಿ ಚೆಂಡನ್ನು ಮುಖಕ್ಕೆ ಅಡ್ಡ ಹಿಡಿದಿರುವವನೇ ಕ್ಯಾಪ್ಟನ್. ಟ್ಯಾಗ್ ಮಾಡಬೇಡ ಅಂದಿದ್ದಾನೆ. ಮಾಡಿದ್ದೀವಿ.