ತೈಲ ಬಾಯ್ಲರ್ ತೆಗೆದು ಅನಿಲ ಬಾಯ್ಲರ್ ಅಳವಡಿಸುವ ಪ್ರಸ್ತಾವ

ಇಂದ:
ನಿರ್ವಹಣಾ ಎಂಜಿನಿಯರ್,
ಎಂಜಿನಿಯರಿಂಗ್ ವಿಭಾಗ

ಗೆ:
ಅಧ್ಯಕ್ಷರು ಮತ್ತು ಸದಸ್ಯರು,
ಆಸ್ಪತ್ರೆಯ ಆಡಳಿತ ಮಂಡಳಿ

ವಿಷಯ: ಫರ್ನೇಸ್ ಆಯಿಲ್ ಉರಿಸುವ ಒಂದನೇ ಬಾಯ್ಲರ್ ಬದಲಿಗೆ ನೈಸರ್ಗಿಕ ಅನಿಲದ ಬಾಯ್ಲರ್ ಅಳವಡಿಸಲು ಮಂಜೂರಾತಿ ಕೋರಿ.

ಮಾನ್ಯರೆ,

ನಮ್ಮ ಶುದ್ಧೀಕರಣ ಘಟಕ, ಲಾಂಡ್ರಿ ಮತ್ತು ಅಡುಗೆಮನೆಗೆ ಬೇಕಾದ ಹಬೆಯನ್ನು ಗಂಟೆಗೆ 1.5 ಟನ್ ಸಾಮರ್ಥ್ಯದ ಎರಡು ಬಾಯ್ಲರ್‌ಗಳು ಒದಗಿಸುತ್ತಿವೆ. ಇವುಗಳಲ್ಲಿ ಒಂದನೆಯದರ ಕೊಳವೆಗಳು ಸವೆದಿದ್ದು, ಮುಂದಿನ ವಾರ್ಷಿಕ ತಪಾಸಣೆಯೊಳಗೆ ಅವನ್ನೆಲ್ಲ ಬದಲಿಸಲೇಬೇಕಾಗಿದೆ. ಹಳೆಯ ಯಂತ್ರಕ್ಕೆ ಅಷ್ಟು ವೆಚ್ಚ ಮಾಡುವ ಮೊದಲು, ಆಸ್ಪತ್ರೆಯ ಮುಂದಿನ ರಸ್ತೆಯವರೆಗೆ ಅನಿಲದ ಕೊಳವೆಮಾರ್ಗ ಬಂದಿರುವುದನ್ನು ಗಮನದಲ್ಲಿಟ್ಟು, ಇಂಧನವನ್ನೇ ಬದಲಿಸುವ ಬಗ್ಗೆ ಮಂಡಳಿ ತೀರ್ಮಾನಿಸಬೇಕೆಂದು ವಿನಂತಿಸುತ್ತೇನೆ.

ಮುಖ್ಯ ಕಾರಣ ಫರ್ನೇಸ್ ಆಯಿಲ್‌ನಲ್ಲಿರುವ ಗಂಧಕ. ಅದು ಉರಿದಾಗ ಉಂಟಾಗುವ ಸಲ್ಫರ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ. ಆಸ್ತಮಾ ಇರುವವರಿಗೆ ಅದರ ತೊಂದರೆ ಹೆಚ್ಚು. ನಮ್ಮ ಚಿಮಣಿ ಇರುವುದು ಮಕ್ಕಳ ವಾರ್ಡಿನ ಪಕ್ಕದಲ್ಲಿ. ಗಾಳಿ ಆ ಕಡೆಗೆ ಬೀಸುವ ತಿಂಗಳುಗಳಲ್ಲಿ ನವಜಾತ ಶಿಶು ಘಟಕದ ಹವಾನಿಯಂತ್ರಣ ಯಂತ್ರದ ಮೊದಲ ಫಿಲ್ಟರ್ ಬಿಚ್ಚಿದರೆ, ಬೇರೆಡೆ ಕಾಣುವ ಒಣ ಧೂಳಿನ ಬದಲು ಬೆರಳಿಗೆ ಅಂಟುವ ಜಿಡ್ಡುಮಸಿ ಸಿಗುತ್ತದೆ. ನೀರಿನಲ್ಲಿ ಎಷ್ಟು ತೊಳೆದರೂ ಅದು ಬಿಡುವುದಿಲ್ಲ. ಉಸಿರಾಟದ ತೊಂದರೆಗೆಂದು ನಮ್ಮಲ್ಲಿಗೆ ಬಂದ ಮಗುವಿನ ಗಾಳಿಗೆ ನಮ್ಮದೇ ಹೊಗೆ ಸೇರುವುದನ್ನು ಇನ್ನು ಮುಂದುವರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಗಂಧಕದಿಂದ ನಮಗೆ ಇಂಧನದ ನಷ್ಟವೂ ಆಗುತ್ತಿದೆ. ಹೊಗೆಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿದರೆ ಸಲ್ಫ್ಯೂರಿಕ್ ಆಮ್ಲ ಹನಿಗಟ್ಟಿ ಉಕ್ಕನ್ನು ತಿನ್ನುವ ಅಪಾಯವಿರುವುದರಿಂದ, ಅಷ್ಟು ಶಾಖವನ್ನು ತಿಳಿದೂ ತಿಳಿದೂ ಚಿಮಣಿಯಿಂದ ಹೊರಬಿಡುತ್ತಿದ್ದೇವೆ. ಇದಲ್ಲದೆ ಕೊಳವೆಗಳಲ್ಲಿ ಮಸಿ ಕಟ್ಟಿದಂತೆ ಶಾಖ ನೀರಿಗೆ ಇಳಿಯುವುದು ಕಡಿಮೆಯಾಗುತ್ತದೆ. ಸ್ವಚ್ಛಗೊಳಿಸಿದ ಮರುದಿನ 200 ಡಿಗ್ರಿ ತೋರಿಸುವ ಹೊಗೆಯ ಉಷ್ಣತೆ, ಮುಂದಿನ ಸರದಿ ಬರುವ ಹೊತ್ತಿಗೆ 240ಕ್ಕೆ ಏರಿರುತ್ತದೆ. ಪ್ರತಿ 22 ಡಿಗ್ರಿ ಏರಿಕೆಗೆ ದಕ್ಷತೆ ಸುಮಾರು ಶೇ. 1ರಷ್ಟು ಕುಸಿಯುತ್ತದೆಂಬುದು ನಾವು ಬಳಸುವ ಲೆಕ್ಕ. ದಪ್ಪನೆಯ ಎಣ್ಣೆ ಹರಿಯಲು ಟ್ಯಾಂಕನ್ನು ಬಿಸಿಯಾಗಿಡಬೇಕು, ಬರ್ನರ್‌ನಲ್ಲಿ ಸಿಂಪಡಿಸಲು ಮತ್ತೆ 100 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ಈ ಖರ್ಚು ಬೇರೆ.

ನೈಸರ್ಗಿಕ ಅನಿಲದಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಹೊಗೆಯನ್ನು 55 ಡಿಗ್ರಿಗಿಂತ ಕೆಳಗೆ ತಣಿಸಿ, ಅದರಲ್ಲಿರುವ ನೀರಾವಿಯ ಶಾಖವನ್ನೂ ಮರಳಿ ಪಡೆಯುವ ಕಂಡೆನ್ಸಿಂಗ್ ಎಕನಾಮೈಸರನ್ನು ಜೋಡಿಸಬಹುದು. ಆದರೆ ಅದರೊಳಗೆ ತಣ್ಣೀರು ಹರಿದರೆ ಮಾತ್ರ ಈ ಲಾಭ ದೊರೆಯುತ್ತದೆ. ಬಾಯ್ಲರಿಗೆ ಮರಳುವ ಬಿಸಿನೀರನ್ನೇ ಅಲ್ಲಿಗೆ ಕೊಟ್ಟರೆ ಉಪಕರಣಕ್ಕೆ ಹಾಕಿದ ಹಣ ವ್ಯರ್ಥ. ಅದಕ್ಕಾಗಿ ಲಾಂಡ್ರಿಗೆ ಹೋಗುವ ತಣ್ಣೀರನ್ನು ಅದರ ಮೂಲಕ ಹಾಯಿಸುವ ವಿನ್ಯಾಸವನ್ನು ಸೂಚಿಸಿದ್ದೇನೆ. ಒಂದೇ ಪ್ರಮಾಣದ ಶಾಖಕ್ಕೆ ಅನಿಲದಿಂದ ಬರುವ ಇಂಗಾಲದ ಡೈಆಕ್ಸೈಡ್ ಫರ್ನೇಸ್ ಆಯಿಲ್‌ನದಕ್ಕಿಂತ ಕಾಲುಭಾಗಕ್ಕೂ ಮಿಕ್ಕಿ ಕಡಿಮೆಯಿರುತ್ತದೆ. ಹಾಗೆಂದು ಅನಿಲವೂ ಪಳೆಯುಳಿಕೆ ಇಂಧನವೇ. ಸೋರಿಕೆಯಾದ ಮೀಥೇನ್ ವಾತಾವರಣವನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ಹೆಚ್ಚು ಬಿಸಿಯಾಗಿಸುತ್ತದೆ. ಆದ್ದರಿಂದ ಕೊಳವೆಗಳ ಸೋರಿಕೆ ಪರೀಕ್ಷೆಯನ್ನು ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿಯೇ ಸೇರಿಸಬೇಕು.

ಕಟ್ಟಿಗೆಯ ಬ್ರಿಕೆಟ್ ಬಾಯ್ಲರನ್ನೂ ಪರಿಶೀಲಿಸಿದೆ. ದಾಸ್ತಾನಿಗೆ ಜಾಗ, ಬೂದಿಯ ವಿಲೇವಾರಿ, ಮತ್ತೆ ಅದೇ ವಾರ್ಡಿನ ಪಕ್ಕದಲ್ಲಿ ಸೂಕ್ಷ್ಮ ಕಣಗಳು, ಇವುಗಳಿಂದಾಗಿ ಅದನ್ನು ಕೈಬಿಟ್ಟಿದ್ದೇನೆ. ಪೂರ್ಣ ವಿದ್ಯುತ್ ಬಾಯ್ಲರಿನ ಹೊರೆಯನ್ನು ನಮ್ಮ ಈಗಿನ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲ. ಆದರೆ ವಾರ್ಡುಗಳ ಸ್ನಾನದ ನೀರಿಗೆ ಹಬೆ ಬೇಕಿಲ್ಲ. ಅದನ್ನು ಹೀಟ್ ಪಂಪ್‌ಗೆ ವರ್ಗಾಯಿಸಬಹುದು. ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಸಂಗ್ರಹ ಟ್ಯಾಂಕಿನಲ್ಲಿ 60 ಡಿಗ್ರಿ ಕಾಯ್ದುಕೊಂಡರೆ ಸಾಕು. ಈ ಹೊರೆ ಇಳಿದರೆ ಹೊಸ ಬಾಯ್ಲರನ್ನು ಗಂಟೆಗೆ 1 ಟನ್ನಿಗೆ ಇಳಿಸಬಹುದೆಂಬ ನಿರೀಕ್ಷೆಯಿದ್ದು, ಹಬೆಯ ಬಳಕೆಯನ್ನು ಅಳೆದ ನಂತರವೇ ಸಾಮರ್ಥ್ಯವನ್ನು ಖಚಿತಪಡಿಸಬೇಕು.

134 ಡಿಗ್ರಿಯಲ್ಲಿ ನಡೆಯುವ ಆಟೋಕ್ಲೇವ್‌ಗೆ ಹಬೆ ತಪ್ಪಿದರೆ ಶಸ್ತ್ರಚಿಕಿತ್ಸೆಗಳೇ ನಿಲ್ಲುತ್ತವೆ. ಆದ್ದರಿಂದ ಎರಡನೇ ಬಾಯ್ಲರನ್ನು ಉಳಿಸಿಕೊಂಡು, ಅದಕ್ಕೆ ಅನಿಲ ಮತ್ತು ಕಡಿಮೆ ಗಂಧಕದ ಡೀಸೆಲ್ ಎರಡರಲ್ಲೂ ಉರಿಯುವ ಬರ್ನರ್ ಹಾಕಬೇಕು. ಅನಿಲ ನಿಂತರೂ ಕೆಲಸ ನಿಲ್ಲುವುದಿಲ್ಲ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರವಾದುದರಿಂದ ಸೋರಿಕೆ ಪತ್ತೆಯ ಸಂವೇದಕಗಳನ್ನು ಚಾವಣಿಯ ಬಳಿ ಅಳವಡಿಸಿ, ಅವು ಎಚ್ಚರಿಸಿದ ಕೂಡಲೇ ಕೋಣೆಯ ಹೊರಗಿನ ಕವಾಟ ತಾನಾಗಿ ಮುಚ್ಚುವಂತೆ ಜೋಡಿಸಬೇಕು. ನಮ್ಮ ಬಾಯ್ಲರ್ ಆಪರೇಟರ್‌ಗಳು ಅನುಭವಿಗಳು. ಅವರನ್ನು ಉಳಿಸಿಕೊಂಡು, ಅನಿಲ ಹರಿಸುವ ಮೊದಲೇ ತರಬೇತಿ ಕೊಡಿಸಬೇಕು.

ಸದ್ಯಕ್ಕೆ ಕೋರುತ್ತಿರುವುದು ಎರಡು ಅನುಮತಿಗಳನ್ನು: ಹಬೆಯ ಬಳಕೆಯನ್ನು ಒಂದು ತಿಂಗಳು ಮೀಟರ್‌ನಿಂದ ಅಳೆಯಲು ಮತ್ತು ಅನಿಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸಲು. ಇವು ದೊರೆತರೆ ಕೊಳವೆ ಬದಲಾವಣೆಯ ಟೆಂಡರ್ ಕರೆಯುವ ಮೊದಲೇ ಎರಡೂ ದಾರಿಗಳ ಪೂರ್ಣ ವೆಚ್ಚವನ್ನು ಮಂಡಳಿಯ ಮುಂದಿಡುತ್ತೇನೆ. ಮಂಡಳಿಯ ಸದಸ್ಯರು ಒಮ್ಮೆ ಬಾಯ್ಲರ್ ಕೋಣೆಗೆ ಭೇಟಿ ನೀಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿರ್ವಹಣಾ ಎಂಜಿನಿಯರ್