ಬಸು, ಬುಧವಾರದ ಅಮೆರಿಕಾ ಸ್ಟೂಡೆಂಟ್ ವೀಸಾ ಇಂಟರ್‌ವ್ಯೂ ಬಗ್ಗೆ

ಬಸು,

ಸಂಜಿಮುಂದ ಫೋನ್‌ನ್ಯಾಗ ನಿನ್ನ ದನಿ ಕೇಳಿ, ಬಾಯಿಲೆ ಹೇಳೋದಕ್ಕಿಂತ ಬರ್ದೇ ಕಳಿಸಿದ್ರ ಛಲೋ ಅನ್ನಿಸ್ತು. ರೈಲಿನ್ಯಾಗ ಕುಂತು ಇನ್ನೊಮ್ಮೆ ಓದ್ಲಿಕ್ಕ ಬರ್ತದ.

ಹೈದರಾಬಾದಿನ ಅಮೆರಿಕಾ ಕಾನ್ಸುಲೇಟಿನ ಆ ಕಿಟಕಿ ಮುಂದ ನೀ ನಿಂದ್ರೋದು ಭಾಳಂದ್ರ ಮೂರು-ನಾಕು ನಿಮಿಷ. ಆಫೀಸರ್ ನಿನ್ನ ಇಂಗ್ಲಿಷಿಗೆ ಮಾರ್ಕ್ಸ್ ಹಾಕ್ಲಿಕ್ಕ ಕುಂತಿರಂಗಿಲ್ಲ. ಬಂದವರೆಲ್ಲಾ ಅಲ್ಲೇ ಉಳೀಲಿಕ್ಕ ಹೊಂಟವರು ಅಂತ ಮೊದಲ ಹಿಡಿದು ನಡೀಬೇಕು, ಅಲ್ಲ ಅಂತ ತೋರ್ಸೋ ಭಾರ ನಿನ್ನದು. 214(ಬಿ) ಅಂತ ನೀ ಹೆದರ್ತಿಯಲ್ಲ, ಅದು ಇದೇ ಕಾನೂನು. ಅದಕ್ಕ ಅವರ ಮಾರಿ ಬಿಗಿ ಇರ್ತದ. ನಗಲಿಲ್ಲ ಅಂದಕೂಡ್ಲೆ ರಿಜೆಕ್ಟ್ ಆತು ಅನ್ಕೋಬ್ಯಾಡ.

ಕೇಳೋದು ಬಹಳ ಮಾಡಿ ಮೂರು: ಈ ಯೂನಿವರ್ಸಿಟಿನೇ ಯಾಕ, ರೊಕ್ಕ ಯಾರು ಕೊಡ್ತಾರ, ಓದು ಮುಗಿದ ಮ್ಯಾಲ ಏನು. ಮೊದಲನೇದಕ್ಕ ‘ಗುಡ್ ಯೂನಿವರ್ಸಿಟಿ, ಗುಡ್ ಫ್ಯಾಕಲ್ಟಿ’ ಅಂದ್ರ ಕೆಟ್ಟಿ. ಅದನ್ನ ಅವರು ಮುಂಜಾನಿಂದ ಕೇಳ್ಕೋತನೇ ಇರ್ತಾರ. ನಿನ್ನ ಪ್ರಾಜೆಕ್ಟ್ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಬಾಯ್ಲರ್ ಮ್ಯಾಲಿತ್ತಲ್ಲ, ಅಲ್ಲಿಂದ ಸುರು ಮಾಡು. ಶಾಖ ಎಲ್ಲಿ ಪೋಲಾಗ್ತದ ಅಂತ ನೋಡಿದ್ದಿ, ಅದೇ ವಿಷಯದ ಎರಡು ಕೋರ್ಸ್ ಅಲ್ಲಿ ಅವ, ಹೆಸರು ಹೇಳು. ಎರಡು ವಾಕ್ಯ ಸಾಕು. ಅವರು ಮುಂದ ಕೇಳಿದ್ರ ಅದು ಒಳ್ಳೇ ಲಕ್ಷಣ.

ರೊಕ್ಕದ ಮಾತಿನ್ಯಾಗ ಅಂಕಿ ತಡವರಿಸಬಾರದು. ಯೂನಿವರ್ಸಿಟಿ ಕಳಿಸಿದ ಐ-20 ಪತ್ರದಾಗ ಒಂದು ವರ್ಷದ ಖರ್ಚು 38,000 ಡಾಲರ್ ಅದ. ನಿನ್ನ ಲೋನ್ 30 ಲಕ್ಷ, ಅಪ್ಪಾಜಿ ಎಫ್‌ಡಿ 8 ಲಕ್ಷ. ಇವಿಷ್ಟೇ ಹೇಳು. ಅಪ್ಪಾಜಿ ಕೆಲಸ ಕೇಳಿದ್ರ ‘ಬಿಸಿನೆಸ್’ ಅಂತ ತೇಲಿಸಬ್ಯಾಡ, ರಾಯಚೂರು ಎಪಿಎಂಸಿಯಾಗ ಹತ್ತಿ ಕಮಿಷನ್ ಏಜೆಂಟ್ ಅನ್ನು. ಡಿಎಸ್-160 ಅನ್ನೋ ವೀಸಾ ಅರ್ಜಿ ಫಾರ್ಮಿನ್ಯಾಗ ಬರ್ದದ್ದೂ ನಿನ್ನ ಬಾಯಾಗ ಬರೋದೂ ಒಂದೇ ಇರ್ಬೇಕು. ಅವರ ಸ್ಕ್ರೀನ್ ಮ್ಯಾಲ ಆ ಫಾರ್ಮೇ ತೆರದಿರ್ತದ. ಉತ್ತರ ಬಾಯಿಪಾಠ ಮಾಡಬ್ಯಾಡ, ನಡುವ ಒಂದು ಶಬ್ದ ಮರೆತ್ರ ಎಲ್ಲಾ ಕೈಕೊಡ್ತದ. ಪ್ರಶ್ನಿ ತಿಳೀಲಿಲ್ಲ ಅಂದ್ರ ‘ಕುಡ್ ಯೂ ಪ್ಲೀಸ್ ರಿಪೀಟ್’ ಅನ್ನು, ತಪ್ಪಿಲ್ಲ. ಗಾಜಿನ ಆಚೆ ದನಿ ಸರಿ ಕೇಳಂಗಿಲ್ಲ.

ಜಾಗ ಎರಡು, ಬೇರೆ ಬೇರೆ. ಮಂಗಳವಾರ ಬೆರಳಚ್ಚು, ಫೋಟೊ ವೀಸಾ ಅರ್ಜಿ ಕೇಂದ್ರದಾಗ. ಬುಧವಾರ ಇಂಟರ್‌ವ್ಯೂ ನಾನಕ್‌ರಾಮಗುಡಾದ ಕಾನ್ಸುಲೇಟ್‌ದಾಗ. ಅವಸರದಾಗ ಅಲ್ಲಿಗೆ ಹೋಗೋದು ಬಿಟ್ಟು ಇಲ್ಲಿ ನಿಂತವರು ಅದಾರ, ಅಪಾಯಿಂಟ್‌ಮೆಂಟ್ ಹಾಳಿ ಮ್ಯಾಲಿನ ವಿಳಾಸನೇ ನೋಡು. ಫೋನ್, ಸ್ಮಾರ್ಟ್‌ವಾಚ್ ಕಾನ್ಸುಲೇಟ್ ಒಳಗ ಬಿಡಂಗಿಲ್ಲ. ಅಂದ್ರ ಫೋನ್‌ನ್ಯಾಗ ಇಟ್ಟ ಪಿಡಿಎಫ್ ಇದ್ದೂ ಇಲ್ಲದಂಗ. ಪಾಸ್‌ಪೋರ್ಟ್, ಬಾರ್‌ಕೋಡ್ ಇರೋ ಡಿಎಸ್-160 ಹಾಳಿ, ಅಪಾಯಿಂಟ್‌ಮೆಂಟ್ ಪ್ರಿಂಟ್, ನೀ ಸಹಿ ಮಾಡಿದ ಐ-20, ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಅಂತ ಇರೋ ಸೆವಿಸ್ ಫೀ 350 ಡಾಲರ್ ಕಟ್ಟಿದ ರಸೀದಿ, ಲೋನ್ ಪತ್ರ, ಮಾರ್ಕ್ಸ್ ಕಾರ್ಡ್: ಒಂದು ಪಾರದರ್ಶಕ ಫೋಲ್ಡರ್‌ನ್ಯಾಗ ಇದೇ ಸಾಲಿನ್ಯಾಗ ಇಡು. ಕೇಳದ ಹೊರತು ಒಂದನ್ನೂ ಮುಂದ ತಳ್ಳಬ್ಯಾಡ. ಇನ್‌ಸ್ಟಾಗ್ರಾಂ ಪ್ರೈವೇಟ್ ಇದ್ರ ಇವತ್ತೇ ಪಬ್ಲಿಕ್ ಮಾಡು. 2025ರ ಜೂನ್‌ಲಿಂದ ವಿದ್ಯಾರ್ಥಿ ವೀಸಾದವರಿಗೆ ಅದನ್ನ ಕೇಳ್ಲಿಕ್ಕತ್ಯಾರ.

ಪಾಸ್‌ಪೋರ್ಟ್ ಅವರೇ ಇಟ್ಕೊಂಡು ‘ಅಪ್ರೂವ್ಡ್’ ಅಂದ್ರ ಕೆಲಸ ಆತು. 221(ಜಿ) ಚೀಟಿ ಕೊಟ್ರ ಹೌಹಾರಬ್ಯಾಡ, ಇನ್ನೇನೋ ಕಾಗದ ಬೇಕಂತ ಇಲ್ಲಾ ಪರಿಶೀಲನೆ ಬಾಕಿ ಅದ ಅಂತ ಅರ್ಥ. ವೀಸಾ ಕೈಗೆ ಬರೋತನ ಟಿಕೆಟ್ ಮಾತ್ರ ತೆಗೀಬ್ಯಾಡ. ಕೋರ್ಸ್ ಸುರು ಆಗೋ ತಾರೀಖಿಗಿಂತ ಮೊದಲಿನ 30 ದಿನದ ಒಳಗಷ್ಟೇ ಅಲ್ಲಿ ಇಳೀಲಿಕ್ಕ ಬರ್ತದ, ಅದನ್ನೂ ಲೆಕ್ಕ ಹಿಡಿ.

ವಿಮಾನದ್ದು ಇದರ ಅರ್ಧ ಚಿಂತಿನೂ ಬ್ಯಾಡ. ಪಾಸ್‌ಪೋರ್ಟ್, ಐ-20 ಕೈಚೀಲದಾಗ; ದೊಡ್ಡ ಬ್ಯಾಗಿನ್ಯಾಗ ಹಾಕಿದ್ರ ಇಮಿಗ್ರೇಷನ್ ಮುಂದ ತೋರ್ಸ್ಲಿಕ್ಕ ಏನೂ ಇರಂಗಿಲ್ಲ, ಆ ಬ್ಯಾಗ್ ಸಿಗೋದೇ ಅದರ ಆಮ್ಯಾಲ. ಪವರ್ ಬ್ಯಾಂಕೂ ಕೈಚೀಲದಾಗೇ. ಅವ್ವ ಕೊಡೋ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ, ಎಣ್ಣಿ ಸೋರದಂಗ ಎರಡು ಕವರ್ ಸುತ್ತಿ. ಒಣಕೊಬ್ಬರಿ ಬಟ್ಟಲು ಮನ್ಯಾಗ ಬಿಡು, ಎಣ್ಣಿ ಇರೋದಕ್ಕ ಲಗು ಬೆಂಕಿ ಹತ್ತತದ ಅಂತ ಬಿಡಂಗಿಲ್ಲ. ಶೇಂಗಾ ಚಟ್ನಿ, ಖಡಕ್ ರೊಟ್ಟಿ ಒಯ್ಯಿ. ಅಲ್ಲಿ ಕಸ್ಟಮ್ಸ್‌ನವರು ಕೇಳಿದ್ರ ತಿನ್ನೋದು ಅದ ಅಂತ ಹೇಳು. ಮುಚ್ಚಿಟ್ರ ದಂಡ. ಅಮೆರಿಕಾದಾಗ ಮೊದಲು ಇಳಿದ ಊರಿಂದ ಮುಂದ ಇನ್ನೊಂದು ವಿಮಾನ ಇದ್ರ, ಬಹಳ ಮಾಡಿ ಅಲ್ಲೇ ಬ್ಯಾಗ್ ತಗೊಂಡು ಮತ್ತ ಒಪ್ಪಿಸ್ಬೇಕು, ಇದೊಂದು ಹೊಸಬರಿಗೆ ಗೊತ್ತಿರಂಗಿಲ್ಲ. ಇಳಿಯೋಮುಂದ ಕಿವಿ ಕಟ್ಟಿದ್ರ ಪೆಪ್ಪರ್‌ಮಿಂಟ್ ಚೀಪು.

ಹೈದರಾಬಾದಿಗೆ ಸೋಮವಾರನೇ ಹೋಗು, ಮಂಗಳವಾರ ಮುಂಜಾನಿ ರೈಲು ನಂಬಬ್ಯಾಡ. ನಾಳೆ ರಾತ್ರಿ ಒಂಬತ್ತಕ್ಕ ವೀಡಿಯೊ ಕಾಲ್ ಹಚ್ಚು, ಆ ಮೂರು ಪ್ರಶ್ನಿ ನಾ ಇಂಗ್ಲಿಷಿನ್ಯಾಗೇ ಕೇಳ್ತೀನಿ. ನಗಂಗಿಲ್ಲ ನೋಡು ಮತ್ತ.