ವಿಷಯ: ನುಡಿಚಿತ್ರದ ಪ್ರಸ್ತಾವ – ‘ಅರವತ್ತೊಂದನೆಯ ಸೆಕೆಂಡ್’

ಮಾನ್ಯ ಸಂಪಾದಕರಿಗೆ ನಮಸ್ಕಾರ.

2016ರ ಡಿಸೆಂಬರ್ 31ರಂದು ಜಗತ್ತಿನ ಅಧಿಕೃತ ಗಡಿಯಾರಗಳು 23:59:59 ಆದ ಮೇಲೆ ಸೊನ್ನೆಗೆ ಹೊರಳಲಿಲ್ಲ. ಒಂದು ಕ್ಷಣ 23:59:60 ಎಂದು ತೋರಿಸಿ, ಆಮೇಲೆ ಹೊಸ ವರ್ಷಕ್ಕೆ ಕಾಲಿಟ್ಟವು. ಆ ನಿಮಿಷಕ್ಕೆ ಅರವತ್ತೊಂದು ಸೆಕೆಂಡ್. 1972ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅದು ಇಪ್ಪತ್ತೇಳನೆಯ ಸೇರ್ಪಡೆ. ಬಹುಶಃ ಕೊನೆಯದೂ ಹೌದು. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 2035ರೊಳಗೆ ಇದನ್ನು ಬದಿಗಿಡಲು 2022ರ ನವೆಂಬರ್‌ನಲ್ಲಿ ತೀರ್ಮಾನಿಸಿದೆ. ಈ ಹೆಚ್ಚುವರಿ ಸೆಕೆಂಡ್ ಹುಟ್ಟಿದ್ದು ಏಕೆ, ಅದನ್ನು ಸಾಯಿಸಲು ಹೊರಟವರು ಯಾರು, ಉಳಿಸಿಕೊಳ್ಳಬೇಕು ಎಂದು ಹಟ ಹಿಡಿದವರು ಯಾರು ಎಂಬುದನ್ನು ನಿಮ್ಮ ಪತ್ರಿಕೆಗೆ ಸುಮಾರು 2,200 ಪದಗಳ ನುಡಿಚಿತ್ರವಾಗಿ ಬರೆದುಕೊಡಬೇಕೆಂದಿದ್ದೇನೆ.

ಒಂದು ಸೆಕೆಂಡಿಗೆ ಇಷ್ಟು ಪುಟಗಳೇ ಎಂದು ನೀವು ಕೇಳಬಹುದು. ಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಬರವಣಿಗೆಗೆ ಬರುವ ಮುನ್ನ ನಾನು ಎಂಟು ವರ್ಷ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲಿದ್ದೆ. 2012ರ ಜೂನ್ 30ರ ಹೆಚ್ಚುವರಿ ಸೆಕೆಂಡ್ ಬಂದಾಗ ನನ್ನದೇ ಪಾಳಿ. ಏನೂ ಕೆಲಸವಿಲ್ಲದ ಯಂತ್ರಗಳು ಇದ್ದಕ್ಕಿದ್ದಂತೆ ಉಸಿರುಗಟ್ಟಿ ಓಡತೊಡಗಿದವು. ಲಿನಕ್ಸ್‌ನ ಒಳಗಿದ್ದ ಒಂದು ದೋಷ ಆ ಒಂದು ಸೆಕೆಂಡಿಗಾಗಿಯೇ ಕಾದು ಕುಳಿತಿತ್ತು. ಅಂದು ಜಗತ್ತಿನಾದ್ಯಂತ ಎಷ್ಟೋ ಜಾಲತಾಣಗಳು ನಿಂತುಹೋದವು, ವಿಮಾನ ಪ್ರಯಾಣಿಕರ ಚೆಕ್-ಇನ್ ಕೂಡ ಕೆಲವೆಡೆ ಅಸ್ತವ್ಯಸ್ತವಾಯಿತು. ಪರಿಹಾರ ಎಷ್ಟು ಸರಳವಾಗಿತ್ತೆಂದರೆ ಈಗಲೂ ನಗು ಬರುತ್ತದೆ: ಗಡಿಯಾರವನ್ನು ಅದು ತೋರಿಸುತ್ತಿದ್ದ ಸಮಯಕ್ಕೇ ಮತ್ತೊಮ್ಮೆ ಹೊಂದಿಸಿದರೆ ಸಾಕಿತ್ತು. ಅದು ತಿಳಿಯುವವರೆಗಿನ ಗಂಟೆಗಳಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ.

ಆದರೆ ಲೇಖನ ಕಂಪ್ಯೂಟರ್ ಕೋಣೆಯಿಂದ ಆರಂಭವಾಗುವುದಿಲ್ಲ. ಅದು ಆರಂಭವಾಗುವುದು ಕ್ರಿಸ್ತಪೂರ್ವ 136ರ ಬ್ಯಾಬಿಲೋನಿನಲ್ಲಿ. ಅಲ್ಲಿಯ ಆಕಾಶ ವೀಕ್ಷಕರು ಒಂದು ಖಗ್ರಾಸ ಸೂರ್ಯಗ್ರಹಣವನ್ನು ಮಣ್ಣಿನ ಹಲಗೆಯ ಮೇಲೆ ಕೊರೆದಿಟ್ಟಿದ್ದಾರೆ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಎಂದು ಹಿಡಿದು ಲೆಕ್ಕ ಹಾಕಿದರೆ ಆ ಗ್ರಹಣ ಬ್ಯಾಬಿಲೋನಿನಲ್ಲಿ ಖಗ್ರಾಸವಾಗಿ ಕಾಣಿಸುವಂತೆಯೇ ಇಲ್ಲ. ನೆರಳು ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಬೀಳಬೇಕಿತ್ತು. ಅಂದರೆ ಭೂಮಿಯ ಗಡಿಯಾರ ಈ ಎರಡು ಸಾವಿರ ಚಿಲ್ಲರೆ ವರ್ಷಗಳಲ್ಲಿ ಮೂರು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದೆ. ಹಲಗೆ ಕೊರೆದವನಿಗೆ ತಾನು ಭೂಮಿಯ ವೇಗವನ್ನು ದಾಖಲಿಸುತ್ತಿದ್ದೇನೆಂಬ ಅರಿವು ಇದ್ದಿರಲಾರದು. ಈ ಚಿತ್ರವೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು.

ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತಗಳು ಭೂಮಿಯ ತಿರುಗುವಿಕೆಗೆ ಮೆಲ್ಲಗೆ ಬ್ರೇಕ್ ಹಾಕುತ್ತವೆ ಎಂಬುದು ಶಾಲೆಯ ಪಾಠ. ಇಲ್ಲಿಂದ ಮುಂದೆ ಬಹಳಷ್ಟು ಬರಹಗಳು ಎಡವುತ್ತವೆ. ಭೂಮಿ ವರ್ಷಕ್ಕೊಂದು ಸೆಕೆಂಡ್ ನಿಧಾನವಾಗುತ್ತದೆ ಎಂದು ಬರೆದುಬಿಡುತ್ತಾರೆ. ಹಾಗಾಗಿದ್ದರೆ ನಾವು ಬದುಕಿರುತ್ತಿರಲಿಲ್ಲ. ನಿಜ ಇಷ್ಟು: 1967ರಲ್ಲಿ ಸೆಕೆಂಡನ್ನು ಸೀಸಿಯಂ ಪರಮಾಣುವಿಗೆ ಒಪ್ಪಿಸಲಾಯಿತು, ಅದರ 9,19,26,31,770 ಕಂಪನಗಳಿಗೆ ಒಂದು ಸೆಕೆಂಡ್. ಆ ಲೆಕ್ಕವನ್ನು ಹೊಂದಿಸಿದ್ದು ಮಾತ್ರ ಹೆಚ್ಚುಕಡಿಮೆ ಹತ್ತೊಂಬತ್ತನೆಯ ಶತಮಾನದ ದಿನದ ಉದ್ದಕ್ಕೆ. ಆನಂತರ ದಿನ ಒಂದೆರಡು ಮಿಲಿಸೆಕೆಂಡ್ ಉದ್ದವಾಯಿತು. ದಿನಕ್ಕೊಂದು ಮಿಲಿಸೆಕೆಂಡ್ ಎಂದರೂ ಮೂರು ವರ್ಷ ತುಂಬುವ ಮೊದಲೇ ಚಿಲ್ಲರೆಯೆಲ್ಲ ಸೇರಿ ಒಂದು ಸೆಕೆಂಡ್ ಆಗುತ್ತದೆ. ಆಗ ಅದನ್ನು ಗಡಿಯಾರಕ್ಕೆ ಸೇರಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಅಧಿಕ ಮಾಸ ಎಂಬ ಮಾತು ನಮ್ಮ ನುಡಿಯಲ್ಲಿ ಮೊದಲೇ ಇರುವುದರಿಂದ ಇದನ್ನು ಲೇಖನದುದ್ದಕ್ಕೂ ‘ಅಧಿಕ ಸೆಕೆಂಡ್’ ಎಂದು ಕರೆಯುತ್ತೇನೆ. ಎರಡರ ತರ್ಕವೂ ಒಂದೇ, ಹೊಂದದ ಎರಡು ಲೆಕ್ಕಗಳನ್ನು ಹೊಂದಿಸುವುದು.

ಲೇಖನದ ತಿರುಳು ಇರುವುದು ಜಗಳದಲ್ಲಿ. ಅಧಿಕ ಸೆಕೆಂಡ್ ಬೇಕೇ ಎಂಬುದನ್ನು ಅಳೆದು ನೋಡಿ ಸುಮಾರು ಆರು ತಿಂಗಳು ಮೊದಲಷ್ಟೇ ಘೋಷಿಸುತ್ತಾರೆ. ಅಧಿಕ ಮಾಸದ ಹಾಗೆ ನೂರು ವರ್ಷಕ್ಕೆ ಮುಂಚಿತವಾಗಿ ಲೆಕ್ಕ ಹಾಕಿ ಇಡಲು ಬರುವುದಿಲ್ಲ. ತಂತ್ರಾಂಶ ಬರೆಯುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಕೆಲವು ಕಂಪನಿಗಳು ಆ ಸೆಕೆಂಡನ್ನು ಇಡೀ ದಿನಕ್ಕೆ ತೆಳುವಾಗಿ ಹಚ್ಚಿ ಮುಗಿಸುತ್ತವೆ, ಅಂದರೆ ಆ ದಿನ ಅವರ ಗಡಿಯಾರ ಉಳಿದವರ ಗಡಿಯಾರಕ್ಕೆ ತಾಳೆಯಾಗುವುದಿಲ್ಲ. ಇನ್ನೊಂದು ಪಕ್ಷದವರ ಆಕ್ಷೇಪ ಭಾವನಾತ್ಮಕವಾಗಿ ಕೇಳಿಸಿದರೂ ಹಗುರವಲ್ಲ: ಗಡಿಯಾರ ಆಕಾಶವನ್ನು ಕೇಳದೆ ನಡೆಯತೊಡಗಿದರೆ ಅದು ತೋರಿಸುವುದು ಯಾವುದರ ಸಮಯ? ಅಧಿಕ ಸೆಕೆಂಡ್ ನಿಲ್ಲಿಸಿದರೆ ನೂರು ವರ್ಷಕ್ಕೆ ಸುಮಾರು ಒಂದು ನಿಮಿಷದ ವ್ಯತ್ಯಾಸ ಬರಬಹುದೆಂಬ ಅಂದಾಜಿದೆ. ನಾನು ತಂತ್ರಾಂಶದವರ ಕಡೆಯಿಂದ ಬಂದವಳು, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಅದನ್ನು ಲೇಖನದಲ್ಲೇ ಒಪ್ಪಿಕೊಂಡು, ಎದುರು ವಾದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಕಥೆಗೆ ಒಂದು ತಿರುವೂ ಇದೆ. ಈಚಿನ ವರ್ಷಗಳಲ್ಲಿ ಭೂಮಿ ತುಸು ವೇಗ ಹೆಚ್ಚಿಸಿಕೊಂಡಿದೆ. ಹೀಗೇ ಸಾಗಿದರೆ ಸೇರಿಸುವುದಿರಲಿ, ಒಂದು ಸೆಕೆಂಡ್ ಕಳೆಯಬೇಕಾಗಬಹುದು. 59 ಸೆಕೆಂಡಿನ ನಿಮಿಷವನ್ನು ಇದುವರೆಗೆ ಯಾರೂ ಪ್ರಯೋಗಿಸಿಲ್ಲ. ಧ್ರುವಗಳ ಹಿಮ ಕರಗಿ ನೀರು ಸಮಭಾಜಕದತ್ತ ಹರಡುತ್ತಿರುವುದು ಭೂಮಿಯನ್ನು ನಿಧಾನಗೊಳಿಸಿ, ಆ ದಿನವನ್ನು ಮುಂದೂಡುತ್ತಿದೆ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ. ಹವಾಮಾನ ಬದಲಾವಣೆ ಗಡಿಯಾರದ ಮುಳ್ಳಿಗೂ ಕೈ ಹಾಕಿದೆ ಎಂದಾಯಿತು.

ಈಗಲೇ ಏಕೆ ಎಂದರೆ, ಗಡಿಯಾರಕ್ಕೂ ಭೂಮಿಯ ತಿರುಗುವಿಕೆಗೂ ನಡುವಿನ ವ್ಯತ್ಯಾಸದ ಮುಂದಿನ ಮಿತಿ ಎಷ್ಟಿರಬೇಕು ಎಂಬ ಪ್ರಸ್ತಾವವನ್ನು 2026ರ ಮಹಾಸಮ್ಮೇಳನದ ಮುಂದಿಡಬೇಕೆಂದು 2022ರ ನಿರ್ಣಯದಲ್ಲೇ ಇದೆ. ಅದರ ಆಸುಪಾಸಿನ ಸಂಚಿಕೆಗೆ ಈ ಬರಹ ಹೊಂದುತ್ತದೆ.

ಒಬ್ಬ ಖಗೋಳ ವಿಜ್ಞಾನಿ ಮತ್ತು ಸಮಯ ಪ್ರಮಾಣದ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಒಬ್ಬರು ಮಾತನಾಡಲು ಒಪ್ಪಿದ್ದಾರೆ. 2012ರಲ್ಲಿ ನನ್ನ ಜೊತೆ ಪಾಳಿಯಲ್ಲಿದ್ದ ಸಹೋದ್ಯೋಗಿಯೂ ಸಿಗುತ್ತಾರೆ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ. ನೀವು ಒಪ್ಪಿದ ದಿನದಿಂದ ಐದು ವಾರದಲ್ಲಿ ಲೇಖನ ಕೊಡುತ್ತೇನೆ. ಸೀಸಿಯಂ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು 200 ಪದಗಳ ಬಾಕ್ಸ್ ಆಗಿ ಬೇರೆ ಬರೆದುಕೊಡುವುದು ಒಳ್ಳೆಯದು. ಮುಖ್ಯ ಬರಹದೊಳಗೆ ಅದು ಸೇರಿದರೆ ಓದುಗರು ಅಲ್ಲೇ ಇಳಿದುಹೋಗುತ್ತಾರೆ. ಸಂಭಾವನೆ ನಿಮ್ಮ ಎಂದಿನ ದರದಲ್ಲಿ ಇರಲಿ. ‘ಕಾಲಾಯ ತಸ್ಮೈ ನಮಃ’ ಎಂದು ಲೇಖನ ಮುಗಿಸುವುದಿಲ್ಲ ಎಂಬ ಮಾತನ್ನಂತೂ ಈಗಲೇ ಕೊಡಬಲ್ಲೆ.

ಪ್ರಕಟವಾದ ನನ್ನ ಎರಡು ಬರಹಗಳನ್ನು ಲಗತ್ತಿಸಿದ್ದೇನೆ. ಎರಡನೆಯದು ತುಸು ಉದ್ದವಾಯಿತೆಂದು ಈಗ ಅನ್ನಿಸುತ್ತಿದೆ, ಮೊದಲನೆಯದನ್ನು ಓದಿದರೂ ಸಾಕು. ಈ ಪ್ರಸ್ತಾವವನ್ನು ಬೇರೆ ಯಾವ ಪತ್ರಿಕೆಗೂ ಕಳುಹಿಸಿಲ್ಲ. ಮೂರು ವಾರದೊಳಗೆ ನಿಮ್ಮ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲಷ್ಟೇ ಬೇರೆಡೆ ಪ್ರಯತ್ನಿಸುತ್ತೇನೆ.

ವಿಶ್ವಾಸಪೂರ್ವಕವಾಗಿ,
ಮಾಲತಿ